ಎಂಟು ವರ್ಷದ ಕೈಗೆ ಯಾವ ಸೈಜಿನ ಪಿಟೀಲು?

ಇಲ್ಲಿ ಜರ್ಮನಿಯಲ್ಲಿ ಮಗಳಿಗೆ ಪಿಟೀಲು ಕೊಡ್ಸೋಣ ಅಂತ ಅಂಗಡಿಗೆ ಹೋದ್ರೆ ಅಲ್ಲಿನವರು ರೇಟಿನ ಮಾತೇ ಎತ್ತಲಿಲ್ಲ. ಪಿಟೀಲನ್ನ ಅವಳ ಭುಜದ ಮೇಲಿಟ್ಟು, ಎಡಗೈ ಪೂರ್ತಿ ಚಾಚಿಸಿ, ತುದೀಲಿರೋ ಸುರುಳಿಯನ್ನ ಅಂಗೈಯಲ್ಲಿ ಹಿಡಿಯೋಕೆ ಹೇಳಿದ್ರು. 3/4 ಸೈಜಲ್ಲಿ ಮೊಣಕೈ ಪೂರಾ ನೆಟ್ಟಗಾಯ್ತು, 1/2 ಸೈಜಲ್ಲಿ ಸ್ವಲ್ಪ ಬಾಗ್ತು. ಎಂಟು ವರ್ಷಕ್ಕೆ ಇದೇ ಸರಿ, ಬಾಡಿಗೆಗೆ ತಗೊಂಡು ಹೋಗಿ, ಕೈ ಬೆಳೆದಾಗ ತಂದು ಬದಲಾಯಿಸ್ಕೊಳ್ಳಿ ಅಂದ್ರು.

ನಂಗೆ ಮೈಸೂರಲ್ಲಿರೋ ಅಕ್ಕನ ಮಗ ನೆನಪಾಗಿ ಹೊಟ್ಟೆ ಉರೀತು. ಅವನಿಗೂ ಎಂಟು ವರ್ಷ ಇದ್ದಾಗ್ಲೇ ಪಿಟೀಲು ಶುರು ಮಾಡಿಸಿದ್ರು, ಆದ್ರೆ ಯೂನಿಫಾರ್ಮ್ ದೊಡ್ಡದಾಗಿ ಹೊಲಿಸೋ ಹಾಗೆ ಮುಂದಕ್ಕೂ ಆಗುತ್ತೆ ಅಂತ ಫುಲ್ ಸೈಜೇ ತಂದ್ರು. ನಮ್ಮ ಕರ್ನಾಟಕ ಸಂಗೀತದ ಪದ್ಧತೀಲಿ ಕೆಳಗೆ ಕೂತು ಸುರುಳಿಯನ್ನ ಬಲಗಾಲಿನ ಮೇಲೆ ಊರೋದ್ರಿಂದ ತೋಳಿಗೆ ಭಾರ ಇಲ್ಲ ನಿಜ, ಆದ್ರೆ ಬೆರಳಿನ ಅಂತರ ಏನೂ ಕಮ್ಮಿ ಆಗಲ್ವಲ್ಲ. ಮೊದಲ ಪಾಠವಾದ ಸರಳೆ ವರಸೆ ಶುರುವಾಗೋದೇ ಮಾಯಾಮಾಳವಗೌಳ ರಾಗದಲ್ಲಿ, ಅದರಲ್ಲಿ ರಿ ಸಾ ಪಕ್ಕಕ್ಕೇ ಇರುತ್ತೆ, ಗ ಮಾತ್ರ ತುಂಬಾ ದೂರ. ಸಣ್ಣ ಕೈ ಅಲ್ಲಿಗೆ ಎಟುಕದೆ ಗ ಯಾವಾಗ್ಲೂ ಇಳಿದೇ ಕೇಳೋದು. ಮಗೂಗೆ ಸ್ವರಜ್ಞಾನ ಇಲ್ಲ ಅಂತ ಮನೆಯವರೇ ತೀರ್ಮಾನ ಮಾಡಿ ಬಿಡಿಸಿಬಿಟ್ರು. ಒಂದ್ಸಲ ಅದೇ ಗ ಬಾಯಲ್ಲಿ ಹಾಡಿಸಿದ್ರೆ ಗೊತ್ತಾಗಿರೋದು. ಹಾಡುವಾಗ ಸರಿಯಾಗಿ ನಿಂತು, ತಂತಿ ಮೇಲೆ ಮಾತ್ರ ಇಳಿದ್ರೆ ತಪ್ಪು ಕಿವೀದಲ್ಲ, ಸೈಜಿಂದು.

ಹನ್ನೆರಡರ ಹೊತ್ತಿಗೆ ತುಂಬಾ ಮಕ್ಕಳಿಗೆ ಫುಲ್ ಸೈಜ್ ಹಿಡಿಸುತ್ತೆ, ಆದ್ರೂ ವಯಸ್ಸು ನೋಡ್ಬೇಡಿ, ಕೈ ಅಳೀರಿ. ಸುಮಾರು ನಾಲ್ಕಡಿ ಉದ್ದದ ವೀಣೆಗೂ ನನ್ನ ಪ್ರಕಾರ ಅದೇ ಒಳ್ಳೆ ವಯಸ್ಸು, ತಂತಿ ಒತ್ತಿ ಎಳೆದು ಗಮಕ ತರೋ ಬಲ ಬೆರಳಿಗೆ ಆಗ ಬಂದಿರುತ್ತೆ.

ನಾಲ್ಕು ವರ್ಷದವರಿಗೆ ಇಲ್ಲಿ 1/16 ಸೈಜೂ ಸಿಗುತ್ತೆ, ಆಟಿಕೆ ಅಲ್ಲ, ನಿಜವಾದ ಪಿಟೀಲೇ. ಆದ್ರೆ ನಾನು ಕೊಡಿಸಲ್ಲ. ಈ ಒಂದು ವಿಷಯದಲ್ಲಿ ಊರಿನವರೇ ಸರಿ ಅಂತ ಒಪ್ಪಲೇಬೇಕು. ಆ ವಯಸ್ಸಲ್ಲಿ ನಮ್ಮಲ್ಲಿ ಅಜ್ಜಿ ಪಕ್ಕ ಕೂತು ದೇವರನಾಮ ಹೇಳ್ತಾ ಶ್ರುತಿ ಕಿವಿಗೆ ಬಿದ್ದಿರುತ್ತೆ, ವಾದ್ಯ ಕಲಿಸೋ ಮೇಷ್ಟ್ರೂ ಮೊದಲು ಹಾಡು ಅಂತಾರೆ. ನನ್ನ ಮಗಳಿಗೆ ಅದು ಸಿಗಲಿಲ್ಲ. ಕಾಗದದಲ್ಲಿ ಬರೆದಿರೋ ಸ್ವರ ನೋಡಿ ಚೆನ್ನಾಗೇ ನುಡಿಸ್ತಾಳೆ, ಅದನ್ನೇ ಹಾಡು ಅಂದ್ರೆ ಸುಮ್ನಾಗ್ತಾಳೆ. ಅದಕ್ಕೇ ಈಗ ಮೈಸೂರಿನ ಮೇಷ್ಟ್ರ ಹತ್ರ ಆನ್‌ಲೈನ್ ಪಾಠ ಹಾಕಿದೀನಿ, ಜಂಟಿ ವರಸೆ ಬಾಯಲ್ಲಿ ಬರೋವರೆಗೂ ಪಿಟೀಲು ಮುಟ್ಟೋ ಹಾಗಿಲ್ಲ ಅಂದಿದಾರೆ. ಅವರ ಹತ್ರ ಸಣ್ಣ ಸೈಜಿನ ಪಿಟೀಲು ಒಂದೂ ಇಲ್ಲ, ಮುಂದಿನ ಸಲ ಹೋಗುವಾಗ ಎರಡು ತಗೊಂಡು ಹೋಗ್ತೀನಿ, ಯಾವ ಮಗೂಗೆ ಬೇಕೋ ಕೊಟ್ಟು ಆಮೇಲೆ ವಾಪಸ್ ತಗೊಳ್ಳಲಿ.