ಫೋಟೋ ಹೋದ ಮೇಲೂ ಪಂದಿ ಕರಿ ಆಗಬೇಕು

ಹಳೆಯ ಅಡುಗೆ ಚೀಟಿಯ ಫೋಟೋ ಹಾಕಿ, ಮೇಲೆ "ಅಜ್ಜಿಯ ಕೈಬರಹ, ಪಂದಿ ಕರಿ, ಅಳತೆ ಫೋಟೋದಲ್ಲಿದೆ" ಅಂತ ಒಂದು ಸಾಲು ಬರೆದು ಬಿಡುವುದು ಈಗ ರೂಢಿ. ಹಾಕಿದವರು ಯಾವತ್ತೋ ಆ ಫೋಟೋ ಅಳಿಸುತ್ತಾರೆ, ಅಥವಾ ಅಕೌಂಟೇ ಮುಚ್ಚುತ್ತಾರೆ. ಶೇರ್ ಮಾಡಿಕೊಂಡವರ ಗೋಡೆಯಲ್ಲೂ ಅದು ಮಾಯ. ಉಳಿಯುವುದು ಯಾರೋ ಕಾಪಿ ಮಾಡಿಕೊಂಡ ಆ ಒಂದು ಸಾಲು ಮಾತ್ರ. ಅಳತೆ ಎಲ್ಲಿದೆಯಪ್ಪಾ ಅಂದರೆ ಫೋಟೋದಲ್ಲಿ!

ಆಮೇಲೆ ಯಾರೋ ಪುಣ್ಯಾತ್ಮರು ಚೀಟಿ ಇರುವ ಮನೆಗೆ ಫೋನ್ ಮಾಡಿ, ಕೇಳಿಸಿಕೊಂಡು ಟೈಪ್ ಮಾಡಿ ಹಾಕುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಫೋಟೋ ಪಕ್ಕದಲ್ಲಿದ್ದಾಗ ಟೈಪಿಂಗ್ ತಪ್ಪಾದರೆ ಓದುವವರು ಮೂಲ ನೋಡಿ ಸರಿಮಾಡಿಕೊಳ್ಳುತ್ತಾರೆ. ಫೋಟೋ ಇಲ್ಲದಿದ್ದರೆ ನೀವು ಟೈಪಿಸಿದ್ದೇ ಮೂಲ. ಹಾಗಾಗಿ ಚೀಟಿಯಲ್ಲಿ ಇದ್ದದ್ದು ಯಾವುದು, ನೀವು ಊಹಿಸಿದ್ದು ಯಾವುದು ಎನ್ನುವುದು ಆ ಅಕ್ಷರಗಳಲ್ಲೇ ಗೊತ್ತಾಗಬೇಕು. ಚಂದದ ಭಾಷೆ, ಪೀಠಿಕೆ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಉದಾಹರಣೆಗೆ ಕೊಡಗಿನ ಹಂದಿ ಮಾಂಸದ ಅಡುಗೆ ಪಂದಿ ಕರಿಯ ಒಂದು ಚೀಟಿ ತೆಗೆದುಕೊಳ್ಳೋಣ. ಎಡಗಡೆ ಸಾಮಾನು, ಬಲಗಡೆ ಅಳತೆ, ಕೆಳಗೆ ನಾಲ್ಕೈದು ಸಾಲು ವಿಧಾನ, ಅಂಚಿನಲ್ಲಿ ಅಡ್ಡಡ್ಡ ಬರೆದ ಒಂದು ಮಾತು. ಹೀಗಿರುತ್ತದೆ ಅಂದುಕೊಳ್ಳಿ:

ಹಂದಿ ಮಾಂಸ 2 lb
ಕೊತ್ತಂಬರಿ 2 ಚ
ಜೀರಿಗೆ 1 ಚ
ಮೆಣಸು 〃
ಸಾಸಿವೆ 1/2 ಚ
ಮೆಂತ್ಯ 1/4
ಈರುಳ್ಳಿ 4, ಬೆಳ್ಳುಳ್ಳಿ 1 ಗೆಡ್ಡೆ, ಹಸಿಮೆಣಸು 6
ಕಾಚಂಪುಳಿ 1 1/2 ಚ

ಮೊದಲ ಸಾಲೇ ಎಡವುವ ಜಾಗ. ಹಳಬರ ಕೈಯಲ್ಲಿ lb ಅನ್ನುವುದು 16ರ ಹಾಗೆ ಕಾಣುತ್ತದೆ, oz ಅನ್ನುವುದು 02ರ ಹಾಗೆ. ಕಾಫಿ ತೋಟದ ಮನೆಗಳಲ್ಲಿ ಪೌಂಡಿನ ಲೆಕ್ಕ ಬಹಳ ಕಾಲ ನಡೆದಿದ್ದರಿಂದ ಕೊಡಗಿನ ಚೀಟಿಗಳಲ್ಲಿ ಇದು ಸಿಕ್ಕರೆ ಆಶ್ಚರ್ಯವಿಲ್ಲ. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ, ಎರಡು ಪೌಂಡ್ ಅಂದರೆ 907 ಗ್ರಾಂ. "ಒಂದು ಕೇಜಿ ಅಂತಲೇ ಬರೆದುಬಿಡೋಣ" ಅನ್ನುವುದು ಬೇಡ. "2 ಪೌಂಡ್ [ಸುಮಾರು 900 ಗ್ರಾಂ]" ಅಂತ ಬರೆಯಿರಿ. ಚೌಕ ಆವರಣದೊಳಗೆ ಇರುವುದೆಲ್ಲ ಟೈಪ್ ಮಾಡಿದವರ ಮಾತು, ಹೊರಗೆ ಇರುವುದೆಲ್ಲ ಚೀಟಿಯ ಮಾತು. ಈ ಒಂದು ಕಟ್ಟುಪಾಡನ್ನು ಮೇಲೆಯೇ ಹೇಳಿಬಿಟ್ಟರೆ ಅರ್ಧ ಗೊಂದಲ ಕಮ್ಮಿ. ಗುರುತಿಗೆ ನಕ್ಷತ್ರ ಚಿಹ್ನೆ ಹಾಕಬೇಡಿ. ಪದದ ಎರಡೂ ಕಡೆ ನಕ್ಷತ್ರ ಇದ್ದರೆ ವಾಟ್ಸಾಪ್ ಅದನ್ನು ದಪ್ಪಕ್ಷರ ಮಾಡಿ ಚಿಹ್ನೆಯನ್ನೇ ನುಂಗಿಬಿಡುತ್ತದೆ.

ಭಿನ್ನರಾಶಿಗಳದ್ದು ಇನ್ನೂ ದೊಡ್ಡ ಪಾಡು. ಮಾಸಿದ ಶಾಯಿಯಲ್ಲಿ 1/2ರ ನಡುವಿನ ಗೆರೆ ಹೋದರೆ 12. ಅಂಕಿಗಳ ನಡುವೆ ಜಾಗ ಬಿಡದೆ ಟೈಪಿಸಿದರೆ 1 1/2 ಎನ್ನುವುದು 11/2 ಆಗಿ ಕೂರುತ್ತದೆ, ಅಂದರೆ ಐದೂವರೆ. 1/4ರಲ್ಲಿ ಒಂದು ಮತ್ತು ಗೆರೆ ಎಣ್ಣೆ ಕಲೆಯಲ್ಲಿ ಮುಳುಗಿದರೆ ಬರೀ 4. ಮೆಂತ್ಯದ ಸಾಲಿನಲ್ಲಿ ಹೀಗಾದರೆ ಆ ಪಾತ್ರೆ ಕಥೆ ಮುಗಿಯಿತು. ಹುರಿದ ಮೆಂತ್ಯ ನಾಲ್ಕು ಚಮಚ ಬಿದ್ದ ಕರಿಯನ್ನು ಹುಳಿ ಕೊಡುವ ಕಾಚಂಪುಳಿಯೂ ಉಳಿಸುವುದಿಲ್ಲ, ಕಹಿ ಹೋಗುವುದೇ ಇಲ್ಲ. ಕನ್ನಡ ಅಂಕಿಗಳಲ್ಲಿ ಬರೆದ ಚೀಟಿಯಾದರೆ ೨ ಮತ್ತು ೩, ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುತ್ತವೆ, ೧ ಎಷ್ಟೋ ಸಲ ಸೊನ್ನೆಯಾಗುತ್ತದೆ. ಹಾಗಾಗಿ ಭಿನ್ನವನ್ನು ಅಂಕಿಯಲ್ಲಿ ಬಿಡಲೇಬೇಡಿ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಅಂತ ಅಕ್ಷರದಲ್ಲೇ ಬರೆಯಿರಿ. ನೂರು ಸಲ ಕಾಪಿ ಪೇಸ್ಟ್ ಆದರೂ ಅದು ಕೆಡುವುದಿಲ್ಲ.

ಮೆಣಸಿನ ಮುಂದೆ ಇರುವ 〃 ಗುರುತನ್ನು ಈಗಿನ ಮಕ್ಕಳು ಹನ್ನೊಂದು ಅಂತ ಓದುತ್ತಾರೆ. ಅದು "ಮೇಲಿನಂತೆಯೇ" ಅನ್ನುವ ಚಿಹ್ನೆ, ಅಂದರೆ ಜೀರಿಗೆಯ ಹಾಗೆ ಒಂದು ಚಮಚ. ಇನ್ನು ಬರೀ "ಮೆಣಸು" ಅಂದರೆ ಯಾವುದು? ಪಕ್ಕದ ಅಳತೆ ನೋಡಿ. ಚಮಚದಲ್ಲಿದ್ದು, ಕೊತ್ತಂಬರಿ ಜೀರಿಗೆಯ ಜೊತೆ ಕೂತಿದ್ದರೆ ಅದು ಕಾಳುಮೆಣಸು. ಎಣಿಕೆಯಲ್ಲಿದ್ದರೆ ಹಸಿಮೆಣಸೋ ಒಣಮೆಣಸೋ ಇರಬೇಕು. ಇಷ್ಟು ಖಚಿತವಾಗಿದ್ದರೂ "ಮೆಣಸು [ಕಾಳುಮೆಣಸು]" ಅಂತಲೇ ಬರಲಿ.

ಈಗ ಆ "ಚ". ಟೀ ಚಮಚ 5 ಎಂಎಲ್, ಊಟದ ದೊಡ್ಡ ಚಮಚ 15 ಎಂಎಲ್, ನಡುವೆ ಮೂರು ಪಟ್ಟು ವ್ಯತ್ಯಾಸ. ಚೀಟಿ ಬರೆದವರಿಗೆ ಅವರ ಡಬ್ಬದಲ್ಲಿದ್ದ ಚಮಚ ಗೊತ್ತಿತ್ತು, ನಮಗೆ ಗೊತ್ತಿಲ್ಲ. ಇಲ್ಲಿ ಉಳಿದ ಸಾಲುಗಳು ಸಹಾಯಕ್ಕೆ ಬರುತ್ತವೆ. ಎರಡು ಪೌಂಡ್ ಮಾಂಸಕ್ಕೆ ಎರಡು ಟೀ ಚಮಚ ಕೊತ್ತಂಬರಿ ಎಲ್ಲಿಗೂ ಸಾಲದು, ಕರಿ ಮಸಾಲೆಯ ಮೈಯೇ ಬರುವುದಿಲ್ಲ. ಎರಡು ದೊಡ್ಡ ಚಮಚ ಅಂದರೆ ನಂಬಬಹುದು. ಆದರೆ ಅದೇ ನಂಬಿಕೆಯಲ್ಲಿ ಕಾಚಂಪುಳಿಯ ಸಾಲನ್ನೂ ದೊಡ್ಡ ಚಮಚ ಮಾಡಿಬಿಟ್ಟರೆ ಕೆಟ್ಟಿತು. ಕಾಚಂಪುಳಿ ಹಣ್ಣಿನ ರಸ ಕುದಿಸಿ ಬತ್ತಿಸಿದ್ದು. ಒಬ್ಬರ ಮನೆಯದು ಜೇನಿನಷ್ಟು ಮಂದ, ಇನ್ನೊಬ್ಬರದು ನೀರಿಗಿಂತ ಸ್ವಲ್ಪ ಗಟ್ಟಿ. ಒಂದೂವರೆ ಟೀ ಚಮಚ ಏಳೂವರೆ ಎಂಎಲ್, ಒಂದೂವರೆ ದೊಡ್ಡ ಚಮಚ ಇಪ್ಪತ್ತೆರಡು ಎಂಎಲ್ ಚಿಲ್ಲರೆ. ಬಾಟಲಿಯಲ್ಲಿ ಇರುವುದು ಎಂಥದ್ದು ಎನ್ನುವುದರ ಮೇಲೆ ಎರಡೂ ಸರಿಯಾಗಬಹುದು. ಆದ್ದರಿಂದ ಈ ಸಾಲಿನಲ್ಲಿ ತೀರ್ಮಾನ ಕೊಡಬಾರದು. "ಒಂದೂವರೆ ಚ [ಯಾವ ಚಮಚ ಎಂದು ಚೀಟಿಯಲ್ಲಿಲ್ಲ, ಅರ್ಧ ಹಾಕಿ ರುಚಿ ನೋಡಿ ಮುಂದುವರಿಯಿರಿ]" ಅಂದರೆ ಸಾಕು. ಹುಳಿ ಕಮ್ಮಿಯಾದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯುವ ದಾರಿ ಇಲ್ಲ.

ಮೆಂತ್ಯದ ಮುಂದೆ ಕಾಲು ಅಂತ ಇದೆ, "ಚ" ಇಲ್ಲ. ಇಲ್ಲಿ ಮೇಲಿನ ಸಾಲಿನ ಚಮಚವೇ ಮುಂದುವರಿದಿದೆ ಅನ್ನುವುದು ಸಹಜ ಊಹೆ, ಊಹೆಯೇ ಆದ್ದರಿಂದ ಆವರಣದೊಳಗೆ ಹೋಗಲಿ. ಉಪ್ಪು, ಅರಸಿನ ಪಟ್ಟಿಯಲ್ಲೇ ಇಲ್ಲ. ಇಂಥ ಕಡೆ "ರುಚಿಗೆ ತಕ್ಕಷ್ಟು" ಎಂದು ತುಂಬಿಸುವ ಚಾಳಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಓದುವವರು ಅದು ಅಜ್ಜಿಯ ಮಾತು ಅಂದುಕೊಳ್ಳುತ್ತಾರೆ, ಖಾಲಿ ಇತ್ತು ಎನ್ನುವ ಸತ್ಯ ಅಡಗಿಹೋಗುತ್ತದೆ. "[ಉಪ್ಪು, ಅರಸಿನ: ಅಳತೆ ಬರೆದಿಲ್ಲ]" ಅಂತ ನೇರವಾಗಿ ಹೇಳಿ.

ವಿಧಾನದ ಸಾಲುಗಳಲ್ಲಿ ಕ್ರಮವೇ ಜೀವ. ಚೀಟಿ ಹೀಗೆ ಹೇಳುತ್ತದೆ ಅನ್ನಿ: "ಮಾಂಸಕ್ಕೆ ಅರಸಿನ ಉಪ್ಪು ಹಚ್ಚಿ ಇಡುವುದು. ಈರುಳ್ಳಿ ಇತ್ಯಾದಿ ಜಜ್ಜಿ ಹಾಕಿ ಬೇಯಿಸುವುದು. ಮಸಾಲೆ ಕಪ್ಪಗೆ ಹುರಿದು ಪುಡಿ. ಪುಡಿ, ಹುಳಿ ಹಾಕಿ ಇಳಿಸುವುದು." ಅಂಚಿನಲ್ಲಿ ಅಡ್ಡವಾಗಿ "ನೀರು ಬೇಡ", ಅಲ್ಲಿಂದ ಒಂದು ಬಾಣದ ಗೆರೆ. ಆ ಬಾಣ ಎಲ್ಲಿಗೆ ಹೋಗಿದೆ ಅನ್ನುವುದು ಟೈಪಿಂಗಿನಲ್ಲಿ ಉಳಿಯುವುದೇ ಇಲ್ಲ, ಬರೆದು ಹೇಳಲೇಬೇಕು. ಬೇಯಿಸುವ ಸಾಲಿಗೆ ತಾಗಿದ್ದರೆ ಮಾಂಸ ತನ್ನ ನೀರು, ಕೊಬ್ಬಿನಲ್ಲೇ ಬೇಯಲಿ ಎಂದರ್ಥ. ಪುಡಿಯ ಸಾಲಿಗೆ ತಾಗಿದ್ದರೆ ಒಣ ಪುಡಿಯನ್ನೇ ಹಾಕು, ಅರೆಯಬೇಡ ಎಂದರ್ಥ. ಬರೀ "ನೀರು ಬೇಡ" ಅಂತ ಕೊನೆಗೆ ಅಂಟಿಸಿದರೆ ಯಾರೋ ಒಬ್ಬರು ಬೇಯುವಾಗ ನೀರು ಸುರಿದು, ಸಾರು ತೆಳ್ಳಗಾಗಿ, ಚೀಟಿಯನ್ನು ಬೈಯುತ್ತಾರೆ. "ಕಪ್ಪಗೆ ಹುರಿದು" ಎನ್ನುವುದನ್ನು "ಕೆಂಪಗೆ" ಎಂದು ತಿದ್ದುವವರೂ ಇದ್ದಾರೆ, ಕಪ್ಪಗೆ ಅಂದರೆ ಸೀದದ್ದು ಅಂದುಕೊಂಡು. ಪಂದಿ ಕರಿಯ ಬಣ್ಣ ಬರುವುದೇ ಆ ಹುರಿತದಿಂದ ಮತ್ತು ಕಾಚಂಪುಳಿಯಿಂದ. ತಿದ್ದಬೇಡಿ. ಹೊಡೆದುಹಾಕಿದ ಅಂಕಿ ಇದ್ದರೆ ಅದನ್ನೂ ಬರೆಯಿರಿ: "ಹಸಿಮೆಣಸು 6 [ಮೊದಲು 10 ಎಂದು ಬರೆದು ಹೊಡೆದಿದೆ]". ಮಾಡಿ ನೋಡಿ ಕಮ್ಮಿ ಮಾಡಿದ್ದಾರೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅಕ್ಕಿಯ ಚೀಟಿಗಳಲ್ಲಿ ಇನ್ನೊಂದು ಬಲೆ ಇದೆ, ಪಾವು. ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕಡಂಬುಟ್ಟಿನ ಚೀಟಿಯಲ್ಲಿ "ತರಿ 1 ಪಾವು, ನೀರು 2 ಪಾವು" ಎಂದಿದ್ದರೆ ಅದು ಪಾತ್ರೆಯ ಅಳತೆ, ತೂಕದ್ದಲ್ಲ. ಪಾವು ಅಂದರೆ ಕಾಲು ಸೇರು, 80 ತೊಲದ ತೂಕದ ಸೇರು 933 ಗ್ರಾಂ, ಅದರ ಕಾಲು ಭಾಗ 233 ಗ್ರಾಂ ಎಂದು ಲೆಕ್ಕ ಹಾಕಿ ತರಿಯನ್ನು ಗ್ರಾಮಿಗೆ ತಿರುಗಿಸಿ, ನೀರನ್ನು ಮಾತ್ರ ಪಾವಿನಲ್ಲೇ ಬಿಟ್ಟರೆ ಎರಡರ ಸಂಬಂಧ ಕಡಿದುಹೋಗುತ್ತದೆ. ಓದುವವರ ಮನೆಯ ಪಾವು ಬೇರೆ, ನೀರು ಹೆಚ್ಚಾಗಿ ಉಂಡೆ ಕಟ್ಟಲು ಬಾರದ ಹಿಟ್ಟು, ಕಮ್ಮಿಯಾದರೆ ಹಬೆಯಲ್ಲಿ ಬೆಂದ ಮೇಲೂ ಒಳಗೆ ಕಚ್ಚುವ ತರಿ. ಇದ್ದ ಹಾಗೆ ಬಿಟ್ಟರೆ ಯಾವ ಲೋಟದಲ್ಲಾದರೂ ಒಂದಕ್ಕೆ ಎರಡು ಎಂದು ನಡೆಯುತ್ತದೆ. ಅದೇ ಅನುಪಾತ ತಪ್ಪು ಹಿಡಿಯುವುದಕ್ಕೂ ಆಗುತ್ತದೆ. ಕಡಂಬುಟ್ಟಿಗೆ ನೀರು ಸಾಮಾನ್ಯವಾಗಿ ತರಿಯ ಎರಡರಿಂದ ಎರಡೂವರೆ ಪಟ್ಟು. ಟೈಪ್ ಆದದ್ದರಲ್ಲಿ ಐದು ಪಟ್ಟು ಬಂದಿದ್ದರೆ ಎಲ್ಲೋ ಅಂಕಿ ಜಾರಿದೆ. ಹಾಗಂತ ನೀವೇ ಎರಡು ಅಂತ ತಿದ್ದಿ ಮುಗಿಸಬೇಡಿ, ಚೀಟಿ ಇರುವವರನ್ನು ಆ ಒಂದು ಸಾಲಿಗಾಗಿ ಮತ್ತೆ ಕೇಳಿ.

ಫೋಟೋ ಈಗಾಗಲೇ ಹೋಗಿದ್ದರೆ ಮೊದಲು ಹಾಕಿದವರ ಫೋನಿನಲ್ಲಿ, ಅದರ ಟ್ರ್ಯಾಶ್‌ನಲ್ಲಿ, ವಾಟ್ಸಾಪಿನಲ್ಲಿ ಇಳಿಸಿಕೊಂಡ ಬಂಧುಗಳ ಗ್ಯಾಲರಿಯಲ್ಲಿ ಹುಡುಕಿಸಿ. ಎಲ್ಲೂ ಸಿಗದೆ ಚೀಟಿ ಮಾತ್ರ ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಯಾರ ಮನೆಯ ಡಬ್ಬದಲ್ಲೋ ಇದ್ದರೆ ಫೋನಿನಲ್ಲಿ ಓದಿಸಿಕೊಳ್ಳಬೇಕು. ಮಳೆಗಾಲದ ನೆಟ್‌ವರ್ಕಿನಲ್ಲಿ "ಕಾಲು" ಮತ್ತು "ನಾಲ್ಕು", "ಅರೆ" ಮತ್ತು "ಆರು" ಒಂದೇ ಥರ ಕೇಳಿಸುತ್ತವೆ. "ಆಂಟಿ, ಕಾಲು ಅಂದ್ರೆ ಒಂದರಲ್ಲಿ ನಾಲ್ಕನೇ ಭಾಗ ತಾನೇ?" ಅಂತ ಬಾಯಿಬಿಟ್ಟು ಕೇಳಿ. ಬಲ ಅಂಚು ಹರಿದಿದೆಯಾ, ಹಿಂಬದಿಯಲ್ಲಿ ಏನಾದರೂ ಬರೆದಿದೆಯಾ ಎಂದೂ ಕೇಳಿ, ಅಳತೆಗಳು ಇರುವುದು ಬಲ ಅಂಚಿನಲ್ಲೇ, ಮುಂದುವರಿದದ್ದು ಹಿಂಬದಿಯಲ್ಲೇ. ಟೈಪ್ ಮುಗಿದ ಮೇಲೆ ನೀವು ಓದಿ, ಅವರು ಚೀಟಿ ಹಿಡಿದುಕೊಂಡು ಹೂಂಗುಟ್ಟಲಿ, ಸಾಲು ಸಾಲಾಗಿ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ. ಹಳೆಯ ಆಸ್ಕಿ ಅಕ್ಷರದಲ್ಲಿ ಬಡಿದದ್ದನ್ನು ಫೇಸ್‌ಬುಕ್ಕಿಗೆ ಅಂಟಿಸಿದರೆ ಪರದೆಯಲ್ಲಿ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪೋಸ್ಟಿನ ಮೊದಲ ಸಾಲಿನಲ್ಲಿ ಅಡುಗೆಯ ಹೆಸರು, ಎರಡನೆಯದರಲ್ಲಿ "ಚೀಟಿಯಿಂದ ನೇರವಾಗಿ" ಎಂದೋ "ಫೋನಿನಲ್ಲಿ ಓದಿಸಿಕೊಂಡದ್ದು" ಎಂದೋ ಇರಲಿ, ಆಮೇಲೆ ಪಟ್ಟಿ, ಒಂದು ಸಾಲಿಗೆ ಒಂದೇ ಸಾಮಾನು.