ಆವರೇಜ್ ಇಳೀತು, ಕಾಯೋದು ಜಾಸ್ತಿ ಆಯ್ತು

ನಮ್ಮ ಟೀಮಲ್ಲಿ ತಿಂಗಳಿಗೊಂದು ರಿಪೋರ್ಟ್ ಬರ್ತಿತ್ತು. ಪುಲ್ ರಿಕ್ವೆಸ್ಟ್ ಹಾಕಿದ ಮೇಲೆ ಮೊದಲ ರಿವ್ಯೂ ಬರೋಕೆ ಎಷ್ಟು ಹೊತ್ತು ಹಿಡೀತು, ಮರ್ಜ್ ಆಗೋಕೆ ಎಷ್ಟು ಹೊತ್ತು ಹಿಡೀತು ಅಂತ, ಎರಡೂ ಆವರೇಜಲ್ಲಿ. ಒಂದ್ ತಿಂಗಳು ಮೊದಲ ರಿವ್ಯೂ ಸಮಯ 36 ಗಂಟೆಯಿಂದ 12 ಗಂಟೆಗೆ ಇಳಿದಿತ್ತು. ಮೀಟಿಂಗಲ್ಲಿ ಎಲ್ರಿಗೂ ಅಭಿನಂದನೆ ಹೇಳಿದ್ರು. ಅದೇ ವಾರ ನನ್ನ ಪಕ್ಕದಲ್ಲಿ ಕೂರೋ ಹುಡುಗಿ, ಟೀಮಿಗೆ ಬಂದು ಇನ್ನೂ ವರ್ಷ ಆಗಿಲ್ಲ, "ಮೊದ್ಲೆಲ್ಲ ಬೆಳಿಗ್ಗೆ ಪಿಆರ್ ಹಾಕಿದ್ರೆ ಊಟದ ಹೊತ್ತಿಗೆ ಕಾಮೆಂಟ್ ಬರ್ತಿತ್ತು ಸರ್, ಈಗ ಮಾರನೇ ದಿನಾನೇ" ಅಂದ್ಲು. ಅವಳು ಹೇಳಿದ್ದು ನನಗೂ ನಿಜ ಅನ್ನಿಸ್ತು, ಯಾಕಂದ್ರೆ ನನ್ನ ಪಿಆರ್‌ಗಳೂ ಹಾಗೇ ಕೂತಿದ್ವು. ಹಾಗಾದ್ರೆ ರಿಪೋರ್ಟ್ ಹೇಳ್ತಿರೋದೇನು ಅಂತ ಕೂತು ಒಂದೊಂದೇ ಪಿಆರ್ ತೆಗೆದು ನೋಡಿದೆ.

ಮೊದಲನೇ ತಿಂಗಳು 11 ಪಿಆರ್. ಮೊದಲ ರಿವ್ಯೂಗೆ ಹಿಡಿದ ಗಂಟೆಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ ಹೀಗಿತ್ತು: 1, 1, 2, 2, 3, 3, 4, 6, 8, 26, 340. ಒಟ್ಟು 396, ಹನ್ನೊಂದರಿಂದ ಭಾಗಿಸಿದ್ರೆ ಸರಿಯಾಗಿ 36. ಆದ್ರೆ ಪಟ್ಟಿ ಇನ್ನೊಂದ್ ಸಲ ನೋಡಿ, 36 ಗಂಟೆ ಹತ್ತಿರ ಕಾದ ಪಿಆರ್ ಒಂದಾದ್ರೂ ಇದ್ಯಾ? ಹನ್ನೊಂದರಲ್ಲಿ ಹತ್ತು ಅದಕ್ಕಿಂತ ಕೆಳಗೇ ಇವೆ. ಮಧ್ಯದಲ್ಲಿರೋ ಆರನೇದು 3 ಗಂಟೆ, ಅದೇ ಮೀಡಿಯನ್. ಅಂದ್ರೆ ಅರ್ಧಕ್ಕರ್ಧ ಪಿಆರ್‌ಗಳಿಗೆ 3 ಗಂಟೆ ಒಳಗೇ ಉತ್ತರ ಸಿಕ್ಕಿತ್ತು.

ಎರಡನೇ ತಿಂಗಳು: 6, 7, 8, 9, 9, 10, 11, 12, 14, 20, 26. ಒಟ್ಟು 132, ಆವರೇಜ್ 12. ಮೀಡಿಯನ್ 10. ನೋಡಿ ಎಂಥ ವಿಚಿತ್ರ, ಸಾಮಾನ್ಯ ಪಿಆರ್ ಒಂದು ಕಾಯೋ ಸಮಯ 3 ಗಂಟೆಯಿಂದ 10 ಗಂಟೆಗೆ ಏರಿದೆ, ಮೂರು ಪಟ್ಟಿಗಿಂತ ಹೆಚ್ಚು, ಅದೇ ಹೊತ್ತಿಗೆ ಆವರೇಜ್ ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಆ 340 ಗಂಟೆಯಂಥ ಪಿಆರ್ ಎರಡನೇ ತಿಂಗಳಲ್ಲಿ ಇರ್ಲಿಲ್ಲ, ಆವರೇಜ್ ಇಳಿಯೋಕೆ ಕಾರಣ ಅಷ್ಟೇ. ಆ ಒಂದೇ ಪಿಆರ್ ಮೊದಲನೇ ತಿಂಗಳ ಲೆಕ್ಕವನ್ನೆಲ್ಲ ಹೊತ್ಕೊಂಡ್ ಹೋಗಿತ್ತು, ಅದನ್ನ ತೆಗೆದ್ರೆ ಉಳಿದ ಹತ್ತರ ಆವರೇಜ್ ಬರೀ 5.6 ಗಂಟೆ.

ಇದು ನಮ್ಮ ಟೀಮಿಗೆ ಮಾತ್ರ ಆಗೋ ಆಕಸ್ಮಿಕ ಅಲ್ಲ, ರಿವ್ಯೂ ಸಮಯ ಅನ್ನೋದರ ಸ್ವಭಾವವೇ ಹೀಗೆ. ಸೊನ್ನೆಗಿಂತ ಕೆಳಗೆ ಯಾರೂ ಹೋಗೋಕಾಗಲ್ಲ, ಎಷ್ಟೇ ಬೇಗ ನೋಡಿದ್ರೂ ಉಳಿಸೋದು ಕೆಲವು ಗಂಟೆ. ಮೇಲ್ಗಡೆಗೆ ಮಾತ್ರ ಮಿತಿಯೇ ಇಲ್ಲ, ರಜೆ ಮೇಲೆ ಹೋದವರ ಹೆಸರಿಗೆ ಅಸೈನ್ ಆದ ಪಿಆರ್ ಎರಡು ವಾರ ಹಾಗೇ ಬಿದ್ದಿರಬಹುದು. ಹಾಗಾಗಿ ಪ್ರತಿ ತಿಂಗಳೂ ಒಂದು ಉದ್ದನೆ ಬಾಲ ಇದ್ದೇ ಇರುತ್ತೆ, ಆ ಬಾಲ ಈ ತಿಂಗಳು ಎಷ್ಟು ಉದ್ದ ಇತ್ತು ಅನ್ನೋದನ್ನೇ ಆವರೇಜ್ ಹೇಳ್ತಾ ಇರುತ್ತೆ, ನಾವು ಅದನ್ನ ಟೀಮಿನ ವೇಗ ಅಂತ ಓದ್ಕೊಳ್ತೀವಿ.

ಮರ್ಜ್ ಸಮಯದಲ್ಲಿ ಇದು ಇನ್ನೂ ಜಾಸ್ತಿ, ಮತ್ತೆ ಅಲ್ಲಿ ನನಗೆ ನಿಜಕ್ಕೂ ನೋವಾಗೋ ಒಂದು ಅನ್ಯಾಯ ಇದೆ. ಸಾಮಾನ್ಯವಾಗಿ ರಿಪೋರ್ಟ್‌ಗಳು ಆ ತಿಂಗಳು ಮರ್ಜ್ ಆದ ಪಿಆರ್‌ಗಳನ್ನ ಎಣಿಸ್ತವೆ. ತಿಂಗಳಿಗೆ 20 ಪಿಆರ್ ಮರ್ಜ್ ಆಗುತ್ತೆ, ಆವರೇಜ್ 20 ಗಂಟೆ ಅಂತಿಟ್ಕೊಳ್ಳಿ. ಒಬ್ರು ಮುತುವರ್ಜಿ ವಹಿಸಿ, 80 ದಿನದಿಂದ ಧೂಳು ಹಿಡಿದಿದ್ದ ಎರಡು ಪಿಆರ್ ಎತ್ಕೊಂಡು, ಕಾನ್‌ಫ್ಲಿಕ್ಟ್ ಎಲ್ಲ ಸರಿ ಮಾಡಿ, ಟೆಸ್ಟ್ ಓಡಿಸಿ, ಮರ್ಜ್ ಮಾಡಿ ಮುಗಿಸ್ತಾರೆ. ಒಂದೊಂದೂ 1920 ಗಂಟೆ. ಈಗ ಆವರೇಜ್ 20ರಿಂದ ಹೆಚ್ಚುಕಡಿಮೆ 193 ಗಂಟೆಗೆ ಹಾರುತ್ತೆ, ಅಂದ್ರೆ ಎಂಟು ದಿನ! ಟೀಮಲ್ಲಿ ಯಾರೂ ಮಾಡದ ಒಳ್ಳೇ ಕೆಲಸ ಮಾಡಿದವರಿಂದಲೇ ತಿಂಗಳ ಗ್ರಾಫ್ ಕೆಟ್ಟು ಹೋಯ್ತು ಅನ್ನೋ ಹಾಗೆ ಕಾಣುತ್ತೆ. ಮುಂದಿನ ಸಲ ಯಾರು ಹಳೇ ಪಿಆರ್ ಮುಟ್ತಾರೆ ಹೇಳಿ. ಮೀಡಿಯನ್ ಆದ್ರೆ ಪಟ್ಟಿಯಲ್ಲಿ ಒಂದೇ ಒಂದು ಮನೆ ಆಚೆ ಸರಿಯುತ್ತೆ ಅಷ್ಟೆ.

ಆದ್ರೆ ಮೀಡಿಯನ್ ಹಾಕ್ಬಿಟ್ರೆ ಮುಗೀತು ಅಂತಲ್ಲ, ಎಲ್ಲಿಂದ ಎಲ್ಲಿವರೆಗೆ ಅಳೀತೀವಿ ಅನ್ನೋದು ತಪ್ಪಿದ್ರೆ ಮೀಡಿಯನ್ನೂ ತಪ್ಪೇ ಹೇಳುತ್ತೆ. ನಾನು ಮೊದಲು ಡೇಟಾ ತೆಗೆದದ್ದು ಹೀಗೆ:

```
gh pr list --state all --limit 500 \
  --json number,author,createdAt,mergedAt,reviews
```

ಆ `--limit` ಬರೀದೇ ಹೋದ್ರೆ 30 ಪಿಆರ್ ಮಾತ್ರ ಬರುತ್ತೆ, ಅದೇ ಪೂರ್ತಿ ಅಂತ ತಿಳ್ಕೊಂಡು ಲೆಕ್ಕ ಹಾಕ್ಬಿಡೋ ಅಪಾಯ ಇದೆ. ಆಮೇಲೆ `reviews` ಒಳಗೆ ಮೊದಲನೇದನ್ನ ತಗೊಂಡ್ರೆ ಮೊದಲ ರಿವ್ಯೂ ಸಿಕ್ತು ಅಂದ್ಕೊಂಡಿದ್ದೆ. ಕೆಲವು ಪಿಆರ್‌ಗಳಲ್ಲಿ ಒಂದು ನಿಮಿಷದಲ್ಲೇ ರಿವ್ಯೂ ಬಂದಿದೆ ಅಂತ ತೋರಿಸ್ತು. ತೆಗೆದು ನೋಡಿದ್ರೆ ಅದು ಫಾರ್ಮ್ಯಾಟಿಂಗ್ ನೋಡೋ ಬಾಟ್ ಹಾಕಿದ ಕಾಮೆಂಟ್. ಇನ್ನು ಕೆಲವರು ತಮ್ಮ ಪಿಆರ್‌ನಲ್ಲೇ ಸಾಲುಗಳ ಮೇಲೆ "ಇದು ಯಾಕೆ ಹೀಗೆ ಅಂದ್ರೆ" ಅಂತ ವಿವರಣೆ ಬರೆದಿರ್ತಾರೆ, ತುಂಬಾ ಒಳ್ಳೇ ಅಭ್ಯಾಸ ಅದು, ಆದ್ರೆ ಗಿಟ್‌ಹಬ್ ಅದನ್ನೂ `COMMENTED` ಅನ್ನೋ ರಿವ್ಯೂ ಅಂತಲೇ ಇಟ್ಕೊಳ್ಳುತ್ತೆ. ಹಾಗಾಗಿ ಬಾಟ್‌ಗಳನ್ನೂ ಪಿಆರ್ ಬರೆದವರನ್ನೂ ಬಿಟ್ಟು, ಬೇರೆ ಮನುಷ್ಯರೊಬ್ಬರು ಬರೆದ ಮೊದಲ ರಿವ್ಯೂ ಹುಡುಕ್ಬೇಕು.

ಶುರು ಎಲ್ಲಿಂದ ಅನ್ನೋದೂ ಅಷ್ಟೇ ಮುಖ್ಯ. `createdAt` ಅಂದ್ರೆ ಪಿಆರ್ ತೆರೆದ ಹೊತ್ತು, ಡ್ರಾಫ್ಟ್ ಆಗಿ ತೆರೆದಿದ್ರೂ ಅದೇ. ಮೂರು ದಿನ ಡ್ರಾಫ್ಟಲ್ಲೇ ಇಟ್ಕೊಂಡು ಕೆಲಸ ಮಾಡಿ ಆಮೇಲೆ ರಿವ್ಯೂಗೆ ಕೊಟ್ರೆ ಆ ಮೂರು ದಿನ ರಿವ್ಯೂ ಮಾಡೋರ ತಲೆ ಮೇಲೆ ಬರುತ್ತೆ. ಡ್ರಾಫ್ಟ್ ಆಗಿ ತೆರೆದಿದ್ರೆ ಟೈಮ್‌ಲೈನಲ್ಲಿ `ready_for_review` ಅನ್ನೋ ಈವೆಂಟ್ ಇರುತ್ತೆ, ಅಲ್ಲಿಂದ ಗಡಿಯಾರ ಶುರು ಮಾಡ್ಬೇಕು. ಶನಿವಾರ ಭಾನುವಾರ ಕಳೀಬೇಕಾ ಅಂತ ತುಂಬಾ ಜನ ಕೇಳ್ತಾರೆ. ಶುಕ್ರವಾರ ಸಾಯಂಕಾಲ 6ಕ್ಕೆ ಹಾಕಿ ಸೋಮವಾರ ಬೆಳಿಗ್ಗೆ 10ಕ್ಕೆ ರಿವ್ಯೂ ಬಂದ್ರೆ 64 ಗಂಟೆ ಅಂತ ಬರುತ್ತೆ, ನಿಜ. ಆವರೇಜಿಗೆ ಇದು ದೊಡ್ಡ ಪೆಟ್ಟು, ಮೀಡಿಯನ್‌ಗೆ ಅಂಥವು ಕೆಲವೇ ಇದ್ರೆ ಏನೂ ಆಗಲ್ಲ, ಅದಕ್ಕೇ ನಾನಂತೂ ಕಳೆಯೋಕೆ ಹೋಗಲ್ಲ, ರಜೆ ಕ್ಯಾಲೆಂಡರ್ ಇಟ್ಕೊಂಡು ಲೆಕ್ಕ ಹಾಕೋ ಗೋಜಲಿಗಿಂತ ಸರಳ ಗಡಿಯಾರವೇ ವಾಸಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯಕ್ಕೆ ಬರ್ತೀನಿ. ಇನ್ನೂ ರಿವ್ಯೂನೇ ಆಗದ ಪಿಆರ್‌ಗಳನ್ನ ಎಲ್ಲಿಡೋದು?

ಮೂರನೇ ತಿಂಗಳು ಮತ್ತೆ 11 ಪಿಆರ್ ಬಂತು. ಎಂಟಕ್ಕೆ ರಿವ್ಯೂ ಆಗಿತ್ತು: 2, 3, 4, 5, 5, 7, 9, 13. ಉಳಿದ ಮೂರನ್ನ ಯಾರೂ ತೆಗೆದೇ ನೋಡಿರ್ಲಿಲ್ಲ, ಮೂರೂ ಐದು ದಿನಕ್ಕಿಂತ ಜಾಸ್ತಿ ಕಾದಿದ್ವು. ಹಳೇ ರಿಪೋರ್ಟ್ ಪ್ರಕಾರ ಆವರೇಜ್ 48 ಭಾಗಿಸು 8, ಅಂದ್ರೆ 6 ಗಂಟೆ, ಹಿಂದಿನ ತಿಂಗಳ 12ರ ಅರ್ಧ! ಮತ್ತೊಂದು ಅಭಿನಂದನೆ ರೆಡಿ. ಮೂರು ಜನ ಐದು ದಿನದಿಂದ ಕಾಯ್ತಿರೋದು ಆ 6ರಲ್ಲಿ ಎಲ್ಲೂ ಇಲ್ಲ, ಯಾಕಂದ್ರೆ ಅವಕ್ಕೆ ಇನ್ನೂ ಗಂಟೆ ಲೆಕ್ಕವೇ ಇಲ್ಲ, ಡೇಟಾಬೇಸಲ್ಲಿ `NULL`, `avg` ಅದನ್ನ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತೆ. ರಿವ್ಯೂ ಮಾಡದೇ ಬಿಟ್ಟಷ್ಟೂ ನಂಬರ್ ಚೆನ್ನಾಗಾಗೋ ಲೆಕ್ಕ ಇದು.

ಮೀಡಿಯನ್ನಿನ ನಿಜವಾದ ಶಕ್ತಿ ನನಗೆ ಗೊತ್ತಾಗಿದ್ದು ಇಲ್ಲೇ. ಆವರೇಜ್ ಹಾಕೋಕೆ ಪ್ರತಿಯೊಂದರ ಗಂಟೆಯೂ ಗೊತ್ತಿರಬೇಕು. ಮೀಡಿಯನ್‌ಗೆ ಅದು ಬೇಕಿಲ್ಲ, ಈ ಮೂರು ಪಿಆರ್ ಪಟ್ಟಿಯ ಕೊನೇಲಿ ಬರ್ತವೆ ಅಂತ ಗೊತ್ತಿದ್ರೆ ಸಾಕು. ಅವನ್ನ ಅನಂತ ಅಂತಿಟ್ಟು ಸಾಲಿನ ತುದಿಗೆ ನಿಲ್ಲಿಸಿದ್ರೆ ಹನ್ನೊಂದರಲ್ಲಿ ಆರನೇದು 7 ಗಂಟೆ. ಆ ಮೂರಕ್ಕೆ ನಾಳೆ ರಿವ್ಯೂ ಬರಲಿ, ಮುಂದಿನ ತಿಂಗಳು ಬರಲಿ, ಈಗಾಗ್ಲೇ 7 ಗಂಟೆ ದಾಟಿರೋದ್ರಿಂದ ಈ 7 ಬದಲಾಗಲ್ಲ. ರಿವ್ಯೂ ಆಗದವು ಅರ್ಧಕ್ಕಿಂತ ಕಡಿಮೆ ಇದ್ದು, ಅವೆಲ್ಲ ಆ ಮಧ್ಯದ ಗಂಟೆ ದಾಟಿದ್ರೆ ಸಾಕು. ಆದ್ರೆ ನೆನಪಿರಲಿ, ಪೋಸ್ಟ್‌ಗ್ರೆಸ್‌ನ ಪರ್ಸೆಂಟೈಲ್ ಫಂಕ್ಷನ್ ಕೂಡ `NULL` ಬಿಟ್ಟೇ ಲೆಕ್ಕ ಹಾಕುತ್ತೆ, ಹಾಗಾಗಿ ನಾವೇ ತುಂಬಿಸ್ಬೇಕು:

```sql
select date_trunc('month', ready_at), count(*),
  percentile_disc(0.5) within group
    (order by coalesce(hours, 'Infinity')) as p50,
  percentile_disc(0.9) within group
    (order by coalesce(hours, 'Infinity')) as p90
from pr group by 1 order by 1;
```

ಇಲ್ಲಿ `pr` ಟೇಬಲಲ್ಲಿ ಪಿಆರ್‌ಗೊಂದು ಸಾಲು, `ready_at` ಅಂದ್ರೆ ರಿವ್ಯೂಗೆ ಕೊಟ್ಟ ಹೊತ್ತು, `hours` ಅಂದ್ರೆ ಅಲ್ಲಿಂದ ಮೊದಲ ರಿವ್ಯೂವರೆಗಿನ ಗಂಟೆ, ಆ ಕಾಲಮ್ `double precision` ಇರಲಿ. ಮತ್ತೆ ಗುಂಪು ಮಾಡಿರೋದು ಮರ್ಜ್ ಆದ ತಿಂಗಳಿಂದಲ್ಲ, ರಿವ್ಯೂಗೆ ಕೊಟ್ಟ ತಿಂಗಳಿಂದ, ಕಾಯ್ತಾ ಇರೋರು ಲೆಕ್ಕದೊಳಗೆ ಬರೋದು ಹಾಗೆ ಮಾಡಿದ್ರೆ ಮಾತ್ರ. ಮರ್ಜ್ ಸಮಯಕ್ಕೂ ಇದೇ ಕ್ರಮ, ಆದ್ರೆ ಮರ್ಜ್ ಆಗದೇ ಕ್ಲೋಸ್ ಮಾಡಿದವನ್ನ ಅನಂತ ಅಂತ ಹಾಕ್ಬೇಡಿ, ಅವು ಕಾಯ್ತಾ ಇಲ್ಲ, ಅವುಗಳ ಸಂಖ್ಯೆ ಬೇರೆ ಕಾಲಮಲ್ಲಿ ಕೊಡಿ.

ಮೀಡಿಯನ್ ಪರ ಇಷ್ಟು ಮಾತಾಡಿದ ಮೇಲೆ ಅದಕ್ಕೆ ಏನು ಕಾಣಲ್ಲ ಅನ್ನೋದನ್ನೂ ಹೇಳ್ಬೇಕು. ಆ 340 ಗಂಟೆ 3400 ಆಗಿದ್ರೂ ಮೀಡಿಯನ್ 3 ಅಂತಲೇ ಇರ್ತಿತ್ತು. ಕಾದವರ ಪಾಲಿಗೆ ಅದು ಸಣ್ಣ ವಿಷಯ ಅಲ್ಲ. ಅದಕ್ಕೇ ಮೇಲಿನ ಕ್ವೆರಿಯಲ್ಲಿ 90ನೇ ಪರ್ಸೆಂಟೈಲ್ ಕೂಡ ಇದೆ, ನಮ್ಮ ಮೂರು ತಿಂಗಳಿಗೆ ಅದು 26, 20, ಮೂರನೇದಕ್ಕೆ `Infinity`. ರಿಪೋರ್ಟಲ್ಲಿ ಅನಂತ ಅಂತ ಬಂದಿದ್ದು ನೋಡಿ ಮ್ಯಾನೇಜರ್ ಕ್ವೆರಿ ತಪ್ಪಾಗಿದೆ ಅಂದ್ರು. ಇಲ್ಲ, ಹತ್ತರಲ್ಲಿ ಒಂಬತ್ತು ಪಿಆರ್ ಎಷ್ಟು ಗಂಟೆ ಒಳಗೆ ನೋಡ್ತೀವಿ ಅನ್ನೋದಕ್ಕೆ ಈ ತಿಂಗಳು ನಮ್ಮ ಹತ್ರ ಉತ್ತರ ಇಲ್ಲ, ಅದನ್ನೇ ಹೇಳ್ತಿದೆ ಅಂತ ವಿವರಿಸಿದೆ. ಇನ್ನೊಂದು, ಮೀಡಿಯನ್‌ಗಳನ್ನ ಕೂಡಿ ಕಳೆಯೋಕೆ ಬರಲ್ಲ. ಮೊದಲ ರಿವ್ಯೂ ಮೀಡಿಯನ್ 3, ಮರ್ಜ್ ಮೀಡಿಯನ್ 20, ಹಾಗಾದ್ರೆ ರಿವ್ಯೂ ಆದ ಮೇಲೆ 17 ಗಂಟೆ ಅಂತ ಬರೆದ್ರೆ ತಪ್ಪು, ಎರಡರ ಮಧ್ಯದ ಪಿಆರ್ ಒಂದೇ ಆಗಿರ್ಬೇಕಂತಿಲ್ಲ. ಆ ಅಂತರ ಬೇಕಿದ್ರೆ ಪ್ರತಿ ಪಿಆರ್‌ಗೂ ಕಳೆದು ಆಮೇಲೆ ಅದರದ್ದೇ ಮೀಡಿಯನ್ ತೆಗೀಬೇಕು. ನಾಲ್ಕು ಟೀಮಿನ ಮೀಡಿಯನ್‌ಗಳ ಆವರೇಜ್ ತೆಗೆದು ಕಂಪನಿ ಮೀಡಿಯನ್ ಅನ್ನೋದೂ ಹಾಗೇ ತಪ್ಪು. ತಿಂಗಳಿಗೆ ಐದೇ ಪಿಆರ್ ಇರೋ ಟೀಮಿಗೆ ಮೀಡಿಯನ್ನೂ ಬೇಡ, ಐದೂ ಗಂಟೆಗಳನ್ನ ಹಾಗೇ ಬರೆದು ಕೊಡಿ.

ಈಗ ನಮ್ಮ ರಿಪೋರ್ಟಲ್ಲಿ ತಿಂಗಳಿಗೆ ಒಂದೇ ಸಾಲು, ಎಷ್ಟು ಪಿಆರ್, ಮೀಡಿಯನ್, 90ನೇ ಪರ್ಸೆಂಟೈಲ್, ಅದರ ಕೆಳಗೆ ಇನ್ನೂ ಯಾರೂ ನೋಡದ ಪಿಆರ್‌ಗಳ ಲಿಂಕ್. ಮೂರನೇ ತಿಂಗಳು ಯಾರೂ ನೋಡದ ಆ ಮೂರನ್ನ ಮೀಟಿಂಗಲ್ಲಿ ತೆರೆದು ನೋಡಿದ್ರೆ ಮೂರೂ ಒಂದೇ ಪೇಮೆಂಟ್ ಮಾಡ್ಯೂಲಿನವು, ಅದನ್ನ ರಿವ್ಯೂ ಮಾಡೋಕೆ ಗೊತ್ತಿದ್ದವರು ಟೀಮಲ್ಲಿ ಒಬ್ಬರೇ, ಅವರು ಆ ತಿಂಗಳು ಬೇರೆ ಪ್ರಾಜೆಕ್ಟಲ್ಲಿದ್ರು. ಹಳೇ 340 ಗಂಟೆಯ ಪಿಆರ್ ತೆಗೆದು ನೋಡಿದೆ, ಅದೂ ಆ ಮಾಡ್ಯೂಲಿಂದೇ. ಹೋದ ವಾರದಿಂದ ಪಕ್ಕದ ಸೀಟಿನ ಹುಡುಗಿ ಅವರ ಜೊತೆ ಕೂತು ಆ ಕೋಡ್ ಓದ್ತಿದ್ದಾಳೆ.