ಕರೆನ್ಸಿಯ ಸೊನ್ನೆ ತೆಗೆಯುವುದು ಸರಿಯೇ? ಪರ-ವಿರೋಧ

ಪರ: ಲೆಕ್ಕ ಹಗುರವಾಗುತ್ತದೆ, ಯಾರ ಗಂಟೂ ಹೋಗುವುದಿಲ್ಲ

2004ರ ಕೊನೆಯಲ್ಲಿ ಟರ್ಕಿಯಲ್ಲಿ ಒಂದು ಅಮೆರಿಕನ್ ಡಾಲರಿಗೆ 13 ಲಕ್ಷಕ್ಕೂ ಹೆಚ್ಚು ಲಿರಾ ಕೊಡಬೇಕಿತ್ತು. ಅಲ್ಲಿನ ಅತಿ ದೊಡ್ಡ ನೋಟು ಎರಡು ಕೋಟಿಯದು. ಹಲವು ದಶಕಗಳ ಹಣದುಬ್ಬರ ಒಂದೊಂದಾಗಿ ಸೇರಿಸುತ್ತ ಬಂದ ಸೊನ್ನೆಗಳವು. 2005ರ ಜನವರಿ 1ರಂದು ಸರ್ಕಾರ ಆರು ಸೊನ್ನೆಗಳನ್ನು ತೆಗೆಯಿತು. ಹತ್ತು ಲಕ್ಷ ಹಳೆಯ ಲಿರಾಕ್ಕೆ ಒಂದು ಹೊಸ ಲಿರಾ, ಅದರ ನೂರನೆಯ ಒಂದು ಭಾಗ ಕುರುಷ್ ಎಂದಾಯಿತು.

ಇಂಥ ಸುದ್ದಿ ಕೇಳಿದ ಕೂಡಲೇ ‘ನನ್ನ ಉಳಿತಾಯ ಕರಗಿತು’ ಎಂಬ ದಿಗಿಲು ಹುಟ್ಟುತ್ತದೆ. ಒಬ್ಬ ನೌಕರನ ಲೆಕ್ಕ ಹಾಕಿ ನೋಡೋಣ. ಅವನ ಸಂಬಳ 60 ಕೋಟಿ ಲಿರಾ, ಒಂದು ಜೊತೆ ಬೂಟಿನ ಬೆಲೆ 3 ಕೋಟಿ, ತಲೆಯ ಮೇಲಿನ ಸಾಲ 12 ಕೋಟಿ ಎಂದಿಟ್ಟುಕೊಳ್ಳಿ. ಸಂಬಳದಲ್ಲಿ ಇಪ್ಪತ್ತು ಜೊತೆ ಬೂಟು ಬರುತ್ತದೆ. ಸಾಲ ಸಂಬಳದ ಐದನೆಯ ಒಂದು ಭಾಗ. ಮರುದಿನ ಸಂಬಳ 600, ಬೂಟು 30, ಸಾಲ 120. ಈಗಲೂ ಇಪ್ಪತ್ತು ಜೊತೆಯೇ, ಈಗಲೂ ಐದನೆಯ ಒಂದು ಭಾಗವೇ. ಡಾಲರಿನ ದರವೂ ಅದೇ ಬೆಳಿಗ್ಗೆ ಹತ್ತು ಲಕ್ಷದಿಂದ ಭಾಗವಾಗುತ್ತದೆ. ಅಪಮೌಲ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಪಮೌಲ್ಯದಲ್ಲಿ ವಿದೇಶಿ ಹಣದ ಬೆಲೆ ಮಾತ್ರ ಏರುತ್ತದೆ, ನಿಮ್ಮ ಸಂಬಳ ಇದ್ದಲ್ಲೇ ಇರುತ್ತದೆ. ಇಲ್ಲಿ ಅಳತೆಗೋಲು ಒಂದೇ ಬದಲಾಗುತ್ತದೆ, ಬಟ್ಟೆಯ ಉದ್ದ ಬದಲಾಗುವುದಿಲ್ಲ.

ಹಾಗಾದರೆ ಏಕೆ ಮಾಡಬೇಕು? ಒಂದು ಸೊನ್ನೆ ಹೆಚ್ಚು ಬಿದ್ದರೆ ಚೆಕ್ಕಿನ ಮೊತ್ತ ಹತ್ತು ಪಟ್ಟಾಗುತ್ತದೆ, ಮತ್ತು ಉದ್ದನೆಯ ಸೊನ್ನೆಸಾಲಿನಲ್ಲಿ ಆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡ ಸಂಸ್ಥೆಯ ಲೆಕ್ಕಪತ್ರ ಕಾಲಮಿನ ಅಗಲ ಮೀರುತ್ತದೆ. ಟರ್ಕಿ ಈ ಕೆಲಸವನ್ನು ಸಾವಧಾನವಾಗಿ ಮಾಡಿದ್ದು ನನಗೆ ಮೆಚ್ಚುಗೆ. ಕಾನೂನು ಒಂದು ವರ್ಷ ಮೊದಲೇ ಬಂತು. ಅಂಗಡಿಗಳಲ್ಲಿ ಹಳೆಯ ಮತ್ತು ಹೊಸ ಬೆಲೆ ಎರಡನ್ನೂ ಬರೆದು ತೋರಿಸಲಾಯಿತು. 2005ರ ಉದ್ದಕ್ಕೂ ಎರಡೂ ಬಗೆಯ ನೋಟುಗಳು ನಡೆದವು. 2009ರಲ್ಲಿ ‘ಹೊಸ’ ಎಂಬ ಪದವನ್ನೂ ಬಿಟ್ಟು ಮತ್ತೆ ಬರೀ ಲಿರಾ ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ಹಣದುಬ್ಬರ ಒಂದಂಕಿಗೆ ಇಳಿದ ಮೇಲೆಯೇ ಸೊನ್ನೆಗಳಿಗೆ ಕೈ ಹಾಕಿದರು.

ವಿರೋಧ: ಸೊನ್ನೆ ರೋಗವಲ್ಲ, ಜ್ವರದ ಅಂಕಿ

ಪರ ವಾದಿಸಿದವರ ಕೊನೆಯ ವಾಕ್ಯದಿಂದಲೇ ನನ್ನ ಮಾತು ಶುರುವಾಗುತ್ತದೆ. ಟರ್ಕಿಯನ್ನು ಕಾಪಾಡಿದ್ದು ಅದಕ್ಕೂ ಹಿಂದಿನ ವರ್ಷಗಳ ಬಿಗಿ ಆರ್ಥಿಕ ನೀತಿ. ಆ ಮೊದಲ ಹೆಜ್ಜೆಯನ್ನು ಬಿಟ್ಟು ಎರಡನೆಯದನ್ನಷ್ಟೇ ಇಡುವ ಆಸೆ ಯಾವ ಸರ್ಕಾರಕ್ಕಾದರೂ ಬರಬಹುದು, ಏಕೆಂದರೆ ಸೊನ್ನೆ ತೆಗೆಯುವುದು ಒಂದು ಆದೇಶದ ಕೆಲಸ, ಖರ್ಚಿಗೆ ನೋಟು ಮುದ್ರಿಸುವುದನ್ನು ನಿಲ್ಲಿಸುವುದು ಹಾಗಲ್ಲ.

ಜಿಂಬಾಬ್ವೆಯನ್ನು ನೋಡಿ. 2006ರ ಆಗಸ್ಟಿನಲ್ಲಿ ಮೂರು ಸೊನ್ನೆ ತೆಗೆದರು, 2008ರ ಆಗಸ್ಟಿನಲ್ಲಿ ಹತ್ತು. ಮುದ್ರಣ ಮಾತ್ರ ನಿಲ್ಲಲಿಲ್ಲ. ಬೆಲೆ ದಿನಕ್ಕೆ ಎರಡು ಪಟ್ಟಾಗುವ ಸ್ಥಿತಿಯಲ್ಲಿ ಹತ್ತು ಸೊನ್ನೆಗಳು ಮರಳಿ ಬರಲು ಎಷ್ಟು ದಿನ ಬೇಕು? ಒಂದನ್ನು ದುಪ್ಪಟ್ಟು ಮಾಡುತ್ತ ಹೋಗಿ: ಹತ್ತು ದಿನಕ್ಕೆ ಸಾವಿರ ದಾಟುತ್ತದೆ, ಇಪ್ಪತ್ತಕ್ಕೆ ಹತ್ತು ಲಕ್ಷ, ಮೂವತ್ತನಾಲ್ಕನೆಯ ದಿನಕ್ಕೆ ಸಾವಿರ ಕೋಟಿಯೂ ಹಿಂದೆ ಬೀಳುತ್ತದೆ. ಐದು ವಾರವೂ ಬೇಕಿಲ್ಲ. 2009ರ ಜನವರಿಯಲ್ಲಿ ಆ ದೇಶ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳ ನೋಟು ಹೊರತಂದಿತು. ಮರುತಿಂಗಳು ಹನ್ನೆರಡು ಸೊನ್ನೆ ಅಳಿಸಿತು. ಅದೇ ವರ್ಷ ಜನ ವಿದೇಶಿ ಹಣಕ್ಕೆ ತಿರುಗಿದ್ದರಿಂದ ಸ್ವಂತ ಡಾಲರನ್ನೇ ಬದಿಗಿಡಬೇಕಾಯಿತು.

‘ಮೌಲ್ಯ ಬದಲಾಗುವುದಿಲ್ಲ’ ಎಂಬ ಮಾತು ಸಂಬಳಕ್ಕೂ ಸಾಲಕ್ಕೂ ನಿಜ. ಚಿಲ್ಲರೆ ಖರೀದಿಗೆ ಅದು ಪೂರ್ತಿ ನಿಜವಲ್ಲ. ಹಳೆಯ 1,20,000 ಲಿರಾದ ವಸ್ತು ಹೊಸ ಲೆಕ್ಕದಲ್ಲಿ 12 ಕುರುಷ್. ಗಲ್ಲೆಯಲ್ಲಿ ಐದಕ್ಕಿಂತ ಸಣ್ಣ ನಾಣ್ಯ ಇಲ್ಲದಿದ್ದರೆ ಅಂಗಡಿಯವರು ಅದನ್ನು 15 ಮಾಡುತ್ತಾರೆ. ಬೆಲೆ ನಾಲ್ಕನೆಯ ಒಂದು ಭಾಗ ಏರಿತು. ಅದೇ ಮೂರು ಕುರುಷ್ ಮೂವತ್ತು ಲಿರಾದ ಬೂಟಿನ ಮೇಲೆ ಬಿದ್ದರೆ ಸಾವಿರಕ್ಕೆ ಒಂದು ಪಾಲು ಅಷ್ಟೇ. ಹಾಗಾಗಿ ಪೂರ್ಣಾಂಕದ ಭಾರ ದಿನದಿನ ಸ್ವಲ್ಪಸ್ವಲ್ಪವೇ ಕೊಳ್ಳುವವರ ಮೇಲೆ ಬೀಳುತ್ತದೆ. ಇದನ್ನು ತಡೆಯಲು ಹೊಸ ನೋಟುಗಳಿಗಿಂತ ಮೊದಲು ಸಣ್ಣ ನಾಣ್ಯಗಳು ಸಾಕಷ್ಟು ಅಂಗಡಿ ಸೇರಬೇಕು, ಎರಡು ಬೆಲೆಯ ಚೀಟಿ ತಿಂಗಳುಗಟ್ಟಲೆ ಕಣ್ಣೆದುರು ಇರಬೇಕು.

ವೆನೆಜುವೆಲಾ 2008ರಲ್ಲಿ ಮೂರು, 2018ರಲ್ಲಿ ಐದು, 2021ರಲ್ಲಿ ಆರು ಸೊನ್ನೆ ತೆಗೆಯಿತು. ಒಟ್ಟು ಹದಿನಾಲ್ಕು. ಮೂರನೆಯ ಬಾರಿ ನೋಟು ಬದಲಾಯಿಸಿಕೊಳ್ಳಲು ಬಂದ ವ್ಯಕ್ತಿಗೆ ಇದು ಬರೀ ಅಳತೆಗೋಲಿನ ಬದಲಾವಣೆ ಎಂದು ನಾನಂತೂ ಹೇಳಲಾರೆ.